ತಾತನ ಎಡಗಡೆ

ಚಿಕ್ಕಪ್ಪನ ಮಗ ಕಟ್ಟಾಯದಿಂದ ಫೋನ್ ಮಾಡಿದಾಗ ನಾನು ಆಫೀಸಲ್ಲಿ ಒಂದು ಕುಕ್ಕರಿನ ಫೋಟೋ ಅಗಲ ಮಾಡ್ತಾ ಕೂತಿದ್ದೆ. ನನ್ನ ಹೊಟ್ಟೆಪಾಡೇ ಅದು. ಫೋಟೋಗ್ರಾಫರ್ ಉದ್ದಕ್ಕೆ ತೆಗೆದ ಒಂದೇ ಚಿತ್ರ ವೆಬ್‌ಸೈಟಿಗೆ ಅಡ್ಡ ಬೇಕು, ಇನ್‌ಸ್ಟಾಗ್ರಾಮಿಗೆ ಚೌಕ ಬೇಕು, ಬಸ್ ಸ್ಟಾಪಿನ ಬೋರ್ಡಿಗೆ ಇನ್ನೂ ಅಡ್ಡ ಬೇಕು. ಕುಕ್ಕರಿನ ಪಕ್ಕ ಇಲ್ಲದ ಅಡುಗೆಕಟ್ಟೆಯನ್ನು ಹುಟ್ಟಿಸೋದು ದಿನಕ್ಕೆ ಹತ್ತು ಸಲ ಮಾಡೋ ಕೆಲಸ.

"ಅಣ್ಣ, ಗೃಹಪ್ರವೇಶಕ್ಕೆ ತಾತನ ಫೋಟೋ ಫ್ಲೆಕ್ಸ್ ಹಾಕ್ಸಣ ಅಂತ. ಆರಡಿ ಬೈ ನಾಲ್ಕಡಿ. ಆದ್ರೆ ಫೋಟೋ ಉದ್ದಕ್ಕಿದೆ. ನೀನು ಅದೇನೋ ಎಳೀತೀಯಲ್ಲ, ಹಂಗೆ ಎಳ್ಕೊಡು. ತಾತ ಬಲಗಡೆ ಇರ್ಲಿ, ಎಡಗಡೆ ಜಾಗ ಬೇಕು. ಹೆಸ್ರು ಬರೀಬೇಕಲ್ಲ."

"ಕಳ್ಸು, ಸಂಜೆಯೊಳಗೆ ಕೊಡ್ತೀನಿ" ಅಂದೆ. ಅಷ್ಟು ಸಲೀಸಾಗಿ ಒಪ್ಪಿಕೊಂಡಿದ್ದೇ ತಪ್ಪಾಯ್ತು.

ಆ ಫೋಟೋ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಪ್ಪು ಬಿಳುಪು, 1974ರ ಆಸುಪಾಸಿನದು. ತಾತ ಬಿಳಿ ಪಂಚೆ, ತೋಳಿನ ಬನಿಯನ್, ಹೆಗಲ ಮೇಲೆ ಟವಲ್ಲು ಹಾಕ್ಕೊಂಡು ಮನೆ ಮುಂದೆ ನಿಂತಿದ್ದಾರೆ. ಹಿಂದೆ ಜಗಲಿ, ಒಂದು ಮರದ ಕಂಬ, ಮೇಲೆ ನಾಡಹೆಂಚಿನ ಅಂಚು. ಮನೆ ಅಷ್ಟೇ ಕಾಣೋದು. ಇವತ್ತು ಹೋಗಿ ನೋಡೋಣ ಅಂದ್ರೆ ಆ ಮನೆ ಇಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದ ಮೇಲೆ ನಮ್ಮ ಹಳೇ ಊರು ನೀರಿನೊಳಗೆ ಹೋಯ್ತು. ನೀರಲ್ಲಿ ಅರ್ಧ ಮುಳುಗಿ ನಿಲ್ಲೋ ಶೆಟ್ಟಿಹಳ್ಳಿ ಚರ್ಚನ್ನ ನೀವು ಬೈಕ್ ರೈಡಿಗೆ ಹೋಗಿ ನೋಡಿರ್ತೀರಿ, ರೀಲ್ಸಲ್ಲಂತೂ ನೋಡೇ ಇರ್ತೀರಿ. ಅದನ್ನ ಮುಳುಗಿಸಿದ್ದೂ ಇದೇ ನೀರು. ಚರ್ಚು ಗಾರೆಯದ್ದು, ನಿಂತಿತು. ನಮ್ಮದು ಮಣ್ಣಿನ ಗೋಡೆ. ಹಾಗಾಗಿ ಹಳೇ ಮನೆ ಅಂತ ನಮಗೆ ಉಳಿದಿರೋದು ಆ ಫೋಟೋದಲ್ಲಿ ತಾತನ ಹಿಂದೆ ಕಾಣೋ ನಾಲ್ಕು ಅಡಿ ಅಗಲದ ಜಗಲಿ ಒಂದೇ.

ತಮ್ಮ ಫ್ರೇಮನ್ನು ಗೋಡೆಯಿಂದ ಇಳಿಸಿ, ಗಾಜಿನ ಮೇಲಿಂದಲೇ ಮೊಬೈಲಲ್ಲಿ ಕ್ಲಿಕ್ಕಿಸಿ ಕಳಿಸಿದ್ದ. ಫ್ರೇಮಿನ ಭಾಗ ಕತ್ತರಿಸಿದ ಮೇಲೆ ಉಳಿದದ್ದು 2000 ಪಿಕ್ಸೆಲ್ ಅಗಲ, 2600 ಎತ್ತರ. ಆರಕ್ಕೆ ನಾಲ್ಕು ಅಂದ್ರೆ ಎತ್ತರದ ಒಂದೂವರೆಯಷ್ಟು ಅಗಲ, 3900. ಅಂದ್ರೆ ಎಡಗಡೆಗೆ ಹೊಸದಾಗಿ 1900 ಪಿಕ್ಸೆಲ್ ಹುಟ್ಟಬೇಕು. ಇರೋ ಫೋಟೋದಷ್ಟೇ ಅಗಲದ ಇನ್ನೊಂದು ಫೋಟೋ ಅಂತಲೇ ಅನ್ನಿ.

ಈ ಕೆಲಸ ಏನೂ ಹೊಸದಲ್ಲ. ನಮ್ಮ ಊರ ಕಡೆ ಸ್ಟುಡಿಯೋದವರು ಗಂಡನದೊಂದು ಹೆಂಡತಿಯದೊಂದು ಪಾಸ್‌ಪೋರ್ಟ್ ಫೋಟೋ ಇಟ್ಟುಕೊಂಡು, ಬದುಕಿದ್ದಾಗ ಒಟ್ಟಿಗೆ ಫೋಟೋಗೆ ನಿಲ್ಲದ ಜೋಡಿಯನ್ನು ಸತ್ತ ಮೇಲೆ ಒಂದೇ ಫ್ರೇಮಲ್ಲಿ ಕೂರಿಸುತ್ತಿದ್ದರು. 2010ರಲ್ಲಿ ಫೋಟೋಶಾಪಿಗೆ ಕಂಟೆಂಟ್ ಅವೇರ್ ಫಿಲ್ ಬಂತು. ಅದು ಚಿತ್ರದಲ್ಲೇ ಇದ್ದ ಚೂರುಗಳನ್ನು ಎತ್ತಿ ಖಾಲಿ ಜಾಗಕ್ಕೆ ತೇಪೆ ಹಾಕೋದು. ಹುಲ್ಲಿಗೆ ಹುಲ್ಲು, ಗೋಡೆಗೆ ಗೋಡೆ. ಇಲ್ಲದ್ದನ್ನು ಅದು ಕಲ್ಪಿಸಲಾರದು. 2022ರ ಆಗಸ್ಟಿನಲ್ಲಿ ಡಾಲ್-ಇ ಔಟ್‌ಪೇಂಟಿಂಗ್ ಅಂತ ಶುರು ಮಾಡಿತು, ಮರುವರ್ಷ ಫೋಟೋಶಾಪಿಗೆ ಜನರೇಟಿವ್ ಎಕ್ಸ್‌ಪ್ಯಾಂಡ್ ಬಂತು. ಅಲ್ಲಿಂದ ತೇಪೆಯ ಕಾಲ ಮುಗಿದು ಕಲ್ಪನೆಯ ಕಾಲ ಬಂತು. ಖಾಲಿ ಜಾಗದಲ್ಲಿ ಮೊದಲು ಬರೀ ಚುಕ್ಕಿ ಚುಕ್ಕಿ ಗದ್ದಲ ತುಂಬಿ, ಪಕ್ಕದ ನಿಜವಾದ ಚಿತ್ರವನ್ನು ನೋಡ್ತಾ ನೋಡ್ತಾ, "ಇದರ ಪಕ್ಕ ಸಾಮಾನ್ಯವಾಗಿ ಏನಿರುತ್ತೆ" ಅನ್ನೋ ಲೆಕ್ಕದಲ್ಲಿ ಹಂತಹಂತವಾಗಿ ಆ ಗದ್ದಲವನ್ನು ತಿಳಿಯಾಗಿಸುತ್ತೆ. ಆ "ಸಾಮಾನ್ಯವಾಗಿ" ಅನ್ನೋ ಪದವನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ನಾನು ಬಳಸೋ ತಂತ್ರಾಂಶ ಒಂದು ಸಲಕ್ಕೆ ಸುಮಾರು 1024 ಪಿಕ್ಸೆಲ್ಲಿನಷ್ಟನ್ನೇ ಸರಿಯಾಗಿ ಹುಟ್ಟಿಸೋದು. ಅದಕ್ಕಿಂತ ದೊಡ್ಡ ಜಾಗ ಕೊಟ್ಟರೆ ಇಲ್ಲ ಅನ್ನಲ್ಲ, ಸಣ್ಣದಾಗಿ ಮಾಡಿ ಹಿಗ್ಗಿಸಿ ಕೂರಿಸುತ್ತೆ, ಮಂಜು ಮಂಜಾಗಿ ಕಾಣುತ್ತೆ. ಹಾಗಾಗಿ ಅನುಭವ ಇರೋರು ತುಂಡು ತುಂಡಾಗಿ ಮಾಡ್ತಾರೆ. ನಾನೂ ಅಗಲವನ್ನು 950ರಂತೆ ಎರಡು ಪಟ್ಟಿ ಮಾಡಿದೆ, ಒಂದೊಂದನ್ನೂ ಎತ್ತರಕ್ಕೆ ಮೂರು ತುಂಡು. ಪ್ರತಿ ಸಲವೂ ಆಯ್ಕೆಯನ್ನು ಹಳೇ ಚಿತ್ರದೊಳಕ್ಕೆ ನಲವತ್ತು ಐವತ್ತು ಪಿಕ್ಸೆಲ್ ನುಗ್ಗಿಸಿ ಬಿಡಬೇಕು, ಇಲ್ಲದಿದ್ದರೆ ಹೊಲಿಗೆ ಕಾಣುತ್ತೆ. ವಿವರಣೆ ಬರೆಯೋ ಜಾಗ ಖಾಲಿ ಬಿಟ್ಟೆ, ಬರೆದರೆ ಅದು ಅತಿಯಾಗಿ ಆಡುತ್ತೆ. ಪ್ರತಿ ಸಲ ಮೂರು ಮಾದರಿ ಕೊಡುತ್ತೆ, ಒಂದನ್ನು ಆರಿಸೋದು. ಕೊನೆಗೆ ಹೊಸ ಭಾಗಕ್ಕೆ ಸ್ವಲ್ಪ ಗ್ರೈನ್ ಉದುರಿಸಿದೆ. ಹಳೇ ಫಿಲ್ಮಿನ ತರಿತರಿ ಹೊಸದರಲ್ಲಿ ಇರಲ್ಲ, ನುಣ್ಣಗೆ ಎದ್ದು ಕಾಣುತ್ತೆ.

ಎಲ್ಲಾ ಸೇರಿ ಮುಕ್ಕಾಲು ಗಂಟೆ. ಸುಳ್ಳು ಹೇಳಲ್ಲ, ಅದನ್ನು ನೋಡಿ ನನಗೇ ಗಂಟಲು ಕಟ್ಟಿತು. ಜಗಲಿ ಮುಂದುವರಿದಿತ್ತು. ಎರಡನೇ ಕಂಬ ಬಂದಿತ್ತು. ಅದರಾಚೆ ಮರದ ಸರಳಿನ ಒಂದು ಕಿಟಕಿ, ಕೆಳಗೆ ಜಗಲಿಯಂಚಿಗೆ ಎರಡು ಹೂವಿನ ಕುಂಡ. ಐವತ್ತು ವರ್ಷದಿಂದ ಕಾಣದಿದ್ದ ಅರ್ಧ ಮನೆ ಬಾಗಿಲು ತೆಗೆದು "ಬಾ" ಅಂದಂಗಿತ್ತು. ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಹೃದಯಗಳ ಸುರಿಮಳೆ. ದೊಡ್ಡಪ್ಪ ಫೋನ್ ಮಾಡಿ, "ಏನ್ಲಾ ಮಗ, ಮನೆಯನ್ನೇ ತಂದ್ಬಿಟ್ಯಲ್ಲೋ" ಅಂತ ಅತ್ತೇ ಬಿಟ್ಟರು. ಅವರು ಕ್ಯಾಮೆರಾ ಮುಂದೆ ಬಿಡಿ, ತಾತ ತೀರಿಕೊಂಡಾಗಲೂ ಅತ್ತವರಲ್ಲ.

ಆ ಶನಿವಾರ ಕಟ್ಟಾಯಕ್ಕೆ ಹೋದೆ. ಅಜ್ಜಿಗೆ ವಾಟ್ಸಾಪ್ ಇಲ್ಲ. ಲ್ಯಾಪ್‌ಟಾಪನ್ನ ಮಡಿಲ ಮೇಲಿಟ್ಟು ತೋರಿಸಿದೆ. ಕನ್ನಡಕ ಸರಿ ಮಾಡ್ಕೊಂಡು ತುಂಬಾ ಹೊತ್ತು ನೋಡಿದಳು.

"ಇದ್ಯಾರ ಮನೇಲಾ?"

"ನಮ್ದೇ ಕಣಜ್ಜಿ. ಹಳೇ ಮನೆ."

"ನಮ್ಮನೇಲಿ ಆ ಕಡೆ ಕಿಟ್ಕಿ ಎಲ್ಲಿತ್ತು? ಅದು ನಿಮ್ಮ ಸಣ್ಣ ತಾತನ ಮನೆ ಗೋಡೆಗೆ ಅಂಟ್ಕೊಂಡಿದ್ದ ಗೋಡೆ. ಕಿಟ್ಕಿ ಇಟ್ಟಿದ್ರೆ ಅವರ ಒಲೆ ಹೊಗೆಯೆಲ್ಲ ನಮ್ಮನೆಗೆ." ಬೆರಳನ್ನು ಸ್ಕ್ರೀನಿನ ಮೇಲೇ ಒತ್ತಿ ಹೂವಿನ ಕುಂಡ ತೋರಿಸಿದಳು. "ಇಲ್ಲಿ ಹಗೇವಿತ್ತು. ಬಾಯಿಗೆ ಚಪ್ಪಡಿ ಮುಚ್ಚಿದ್ವಿ. ಎಷ್ಟ್ ಪಲ್ಲ ರಾಗಿ ಹಿಡೀತಿತ್ತು ಗೊತ್ತಾ? ಇಲ್ಲಿ ಹೂವಿನ ಗಿಡ ಯಾರಿಡ್ತಾರೆ, ತಿನ್ನಕ್ಕಾಯ್ತದಾ?"

ಹಗೇವು ಅಂದ್ರೆ ನೆಲದೊಳಗೆ ತೋಡಿದ ಧಾನ್ಯದ ಗುಂಡಿ, ಬಾಯಿ ಕಿರಿದು, ಒಳಗೆ ಅಗಲ. ನಾನು ಕಂಡಿಲ್ಲ. ತಂತ್ರಾಂಶವೂ ಕಂಡಿಲ್ಲ. ಅದು ನೋಡಿರೋ ಲಕ್ಷಾಂತರ ಜಗಲಿಗಳ ಪಕ್ಕ ಸಾಮಾನ್ಯವಾಗಿ ಕಿಟಕಿ ಇರುತ್ತೆ, ಕುಂಡ ಇರುತ್ತೆ. ಯಾಕಂದ್ರೆ ಜನ ಹೆಚ್ಚಾಗಿ ಫೋಟೋ ತೆಗೆಯೋದು ಚೆಂದ ಮಾಡಿಟ್ಟ ಜಗಲಿಗಳನ್ನೇ. ಒಟ್ಟಿನಲ್ಲಿ ನಮ್ಮ ತಾತನನ್ನು ನಾನು ಒಂದು ಹೋಮ್‌ಸ್ಟೇ ಮುಂದೆ ನಿಲ್ಲಿಸಿದ್ದೆ.

ಆಮೇಲೆ ಮತ್ತೆ ಕೂತು ನೋಡಿದರೆ, ಕಣ್ಣಿಗೆ ಹೊಡೆಯುವಂಥ ತಪ್ಪುಗಳು ಮೊದಲಿಂದಲೂ ಅಲ್ಲೇ ಇದ್ದವು. ತಾತನ ನೆರಳು ಎಡಕ್ಕೆ ಬಿದ್ದಿದೆ, ಅಂದ್ರೆ ಬಿಸಿಲು ಬಲಗಡೆಯಿಂದ. ಕುಂಡದ ನೆರಳು ಬಲಕ್ಕೆ ಬಿದ್ದಿತ್ತು. ಹೆಂಚಿನ ಸಾಲನ್ನು ಒಂದು ಗೆರೆ ಎಳೆದು ಮುಂದುವರಿಸಿದರೆ ಮೊದಲ ಪಟ್ಟಿಯಲ್ಲಿ ಸರಿಯಾಗಿ ಹೋಗುತ್ತೆ, ಎರಡನೇ ಪಟ್ಟಿಯಲ್ಲಿ ಒಂದು ಬೆರಳಿನಷ್ಟು ಮೇಲಕ್ಕೆ ಏಳುತ್ತೆ. ಅದಕ್ಕೆ ಕಾರಣವೂ ಇದೆ. ಮೊದಲ ಪಟ್ಟಿ ಮಾಡುವಾಗ ಯಂತ್ರ ನಿಜವಾದ ಫೋಟೋ ನೋಡಿ ಊಹಿಸಿತು. ಎರಡನೆಯದನ್ನು ಮಾಡುವಾಗ ಅದರ ಪಕ್ಕದಲ್ಲಿದ್ದದ್ದು ತಾನೇ ಊಹಿಸಿದ ಮೊದಲ ಪಟ್ಟಿ. ಆ ಕಂಬ ಸುಳ್ಳು ಅಂತ ಅದಕ್ಕೆ ಗೊತ್ತಿಲ್ಲ, ಕಂಬ ಇದೆ ಅಂದ್ಮೇಲೆ ಕಿಟಕಿ ಇರಬೇಕು ಅಂತ ಮುಂದುವರೀತು. ನಮ್ಮೂರಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹೋಗೋದೂ ಹೀಗೆ. ಅಂಚಿನಿಂದ ದೂರ ಹೋದಷ್ಟೂ ಚಿತ್ರ ನಮ್ಮದಲ್ಲ.

ಕುಕ್ಕರಿನ ಪಕ್ಕ ಇದ್ಯಾವುದೂ ಲೆಕ್ಕಕ್ಕೆ ಬರಲ್ಲ. ಆ ಅಡುಗೆಕಟ್ಟೆಯನ್ನು ನೆನಪಿಟ್ಟುಕೊಂಡವರು ಯಾರೂ ಇಲ್ಲ.

ಸರಿ, ಅಜ್ಜಿ ಹೇಳಿದಂತೆಯೇ ಮಾಡೋಣ ಅಂತ ಹಟಕ್ಕೆ ಬಿದ್ದೆ. ಖಾಲಿ ಗೋಡೆ ಕೊಡು ಅಂದ್ರೆ ಕೊಟ್ಟಿತು, ಅದು ಸುಲಭ. ಹಗೇವಿಗೆ ಇಂಗ್ಲಿಷಲ್ಲಿ ಏನನ್ನೋದು? ನೆಲದೊಳಗಿನ ಧಾನ್ಯದ ಗುಂಡಿ, ಕಲ್ಲಿನ ಮುಚ್ಚಳ ಅಂತ ಬಿಡಿಸಿ ಬರೆದೆ. ಒಂದು ಸಲ ಬಾವಿ ಬಂತು, ಕಟ್ಟೆ ಸಮೇತ. ಇನ್ನೊಂದು ಸಲ ರಸ್ತೆಯ ಮ್ಯಾನ್‌ಹೋಲ್. ಮೂರನೇದು ಏನೂಂತ ಅಜ್ಜಿಗೂ ನನಗೂ ತಿಳೀಲಿಲ್ಲ. ಅಜ್ಜಿಗೆ ಇದು ಆಟದಂತೆ ರುಚಿಸಿತು. "ಇನ್ನೊಂದ್ಸಲ ಕೇಳ್ಲಾ, ಈ ಸಲ ಏನ್ ಕೊಡ್ತದೋ ನೋಡವ" ಅಂತಿದ್ದಳು.

ಆ ನಡುವೆ ಸುಮ್ಮನೆ ಕೇಳಿದೆ, "ಈ ಫೋಟೋ ತೆಗೆದಿದ್ದು ಯಾರಜ್ಜಿ?"

"ನನ್ನ ತಮ್ಮ. ಹಾಸನದಲ್ಲಿ ಕೆಲಸಕ್ಕಿದ್ನಲ್ಲ, ಒಂದು ಡಬ್ಬಿ ಕ್ಯಾಮ್ರಾ ತಂದಿದ್ದ. ಹೊಟ್ಟೆ ಹತ್ರ ಅಲ್ಲ, ಕಣ್ಣಿಗೆ ಹಿಡ್ದು ತೆಗೆಯೋದು. ಅಗ್ಫಾ ಅಂತಿದ್ದ."

ಅಲ್ಲಿಗೆ ನನ್ನ ತಲೆಯಲ್ಲಿ ಏನೋ ಟಕ್ ಅಂತು. ಆ ಕಾಲದಲ್ಲಿ ಮನೆಮನೆಯಲ್ಲಿದ್ದ ಅಗ್ಫಾ ಕ್ಲಿಕ್ ತ್ರೀ ತೆಗೆಯುತ್ತಿದ್ದದ್ದು ಚೌಕದ ಫೋಟೋ. 120 ಫಿಲ್ಮಿನ ಒಂದು ರೋಲಿಗೆ ಹನ್ನೆರಡು ಚೌಕ, ಆರು ಸೆಂಟಿಮೀಟರಿಗೆ ಆರು. ನಮ್ಮ ಗೋಡೆಯ ಮೇಲಿರೋದು ಉದ್ದದ ಫೋಟೋ. ಹಾಗಾದ್ರೆ ಪಕ್ಕದ ಭಾಗಗಳನ್ನು ಯಾರೋ ಕತ್ತರಿಸಿದ್ದಾರೆ, ಇಲ್ಲಾ ಮುಚ್ಚಿದ್ದಾರೆ. ಇದು ನನಗೆ ಕೆಲಸ ಶುರು ಮಾಡೋ ಮೊದಲು ಹೊಳೀಬೇಕಿತ್ತು. ಅಂಚಿನಾಚೆ ಏನಿರಬಹುದು ಅಂತ ಯಂತ್ರವನ್ನು ಕೇಳಿದೆ, ಏನಿತ್ತು ಅಂತ ಫ್ರೇಮನ್ನು ಕೇಳಲೇ ಇಲ್ಲ.

ನೆಗೆಟಿವ್ ಇಲ್ಲ, ಆ ಅಜ್ಜ ತೀರಿಕೊಂಡು ಎಷ್ಟೋ ವರ್ಷ. ಫ್ರೇಮನ್ನು ಬೋರಲು ಹಾಕಿ ಹಿಂದಿನ ಸಣ್ಣ ಮೊಳೆಗಳನ್ನು ಒಂದೊಂದಾಗಿ ಬಿಚ್ಚಿದೆವು. ಇಲ್ಲೊಂದು ಎಚ್ಚರ. ಹಳೇ ಫೋಟೋ ಎಷ್ಟೋ ಸಲ ಗಾಜಿಗೇ ಅಂಟಿರುತ್ತೆ, ಎಳೆದರೆ ಚಿತ್ರ ಗಾಜಿನಲ್ಲೇ ಉಳಿದು ಬಿಳಿ ಕಾಗದ ಕೈಗೆ ಬರುತ್ತೆ. ಅಂಟಿದ್ದರೆ ಎಳೆಯದೆ ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು. ನಮ್ಮ ಪುಣ್ಯ, ಚಿತ್ರಕ್ಕೂ ಗಾಜಿಗೂ ಮಧ್ಯೆ ಕಿಂಡಿ ಕೊರೆದ ದಪ್ಪ ರಟ್ಟಿತ್ತು. ಆ ರಟ್ಟು ಎತ್ತಿದ ಕೂಡಲೇ ಗೊತ್ತಾಯ್ತು. ಕಿಂಡಿಯಲ್ಲಿ ಕಾಣುತ್ತಿದ್ದದ್ದು ಎಂಟೂವರೆ ಸೆಂಟಿಮೀಟರ್ ಅಗಲ. ಎಡಗಡೆ ರಟ್ಟಿನಡಿಯಲ್ಲಿ ಇನ್ನೂ ಎಂಟು ಮಿಲಿಮೀಟರ್ ಚಿತ್ರ ಅಡಗಿ ಕೂತಿತ್ತು. ಬೆಳಕು ಕಾಣದ ಜಾಗ ಆದ್ದರಿಂದ ಉಳಿದ ಭಾಗಕ್ಕಿಂತ ಕಪ್ಪಾಗಿ, ಸ್ಪಷ್ಟವಾಗಿತ್ತು.

ಸೋಮವಾರ ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದೆ, 600 ಡಿಪಿಐ. ಎಂಟು ಮಿಲಿಮೀಟರ್ ಅಂದ್ರೆ ಸುಮಾರು 190 ಪಿಕ್ಸೆಲ್. ನನಗೆ ಬೇಕಿದ್ದ 1900ರಲ್ಲಿ ಹತ್ತರಲ್ಲೊಂದು ಪಾಲು. ಹಿಗ್ಗಿಸಿ ನೋಡಿದರೆ ಕೆಳಗಡೆ ಒಂದು ಚಪ್ಪಡಿಯ ಮೂಲೆ. ಅಜ್ಜಿಯ ಹಗೇವು! ಅದರ ಪಕ್ಕ, ಚಿತ್ರದ ತುದಿಗೆ, ಬಟ್ಟೆಯ ಮಡಿಕೆಗಳು. ಕೆಳಗೆ ಎರಡು ಗೆರೆಯ ದಪ್ಪ ಅಂಚು, ಅದರಡಿ ಬರಿಗಾಲಿನ ಮುಂಭಾಗ.

ಸಂಜೆ ಅಜ್ಜಿಗೆ ತೋರಿಸಿದೆ. ಈ ಸಲ ಅವಳು ಕನ್ನಡಕ ಸರಿ ಮಾಡ್ಕೊಳ್ಳಲಿಲ್ಲ.

"ನನ್ ಸೀರೆ ಕಣ್ಲಾ ಇದು. ಇದ್ದಿದ್ದೇ ಎರಡು ಸೀರೆ, ದಪ್ಪಂಚಿಂದು ಇದು."

"ನೀನೂ ಇದ್ಯಾ ಫೋಟೋದಲ್ಲಿ?"

"ಇದ್ದೆ. ಪಕ್ಕಕ್ಕೆ ನಿಂತ್ಕಳಕ್ಕ ಅಂದ, ನಿಂತ್ಕಂಡೆ. ಆಮೇಲೆ ಫೋಟೋ ತಂದ್ಕೊಟ್ಟಾಗ ನಾನಿರ್ಲಿಲ್ಲ. ಬಿದ್ದಿಲ್ವೇನೋ ಅಂದ್ಕಂಡೆ."

ಐವತ್ತು ವರ್ಷ ಆ ಫೋಟೋ ಅವಳ ಮನೆಯ ನಡುಮನೆಯಲ್ಲಿ ನೇತಾಡಿದೆ. ದಿನಾ ಅದಕ್ಕೆ ಹೂವಿಟ್ಟಿದ್ದಾಳೆ. ಸ್ಟುಡಿಯೋದವನು ಕತ್ತರಿಸಿದನೋ, ಉದ್ದದ ಫೋಟೋನೇ ಸಾಕು ಅಂತ ಯಾರಾದ್ರೂ ಹೇಳಿದ್ರೋ ಗೊತ್ತಿಲ್ಲ. ಚೌಕದ ಲೆಕ್ಕ ಹಿಡಿದರೆ, ಹನ್ನೊಂದು ಸೆಂಟಿಮೀಟರ್ ಎತ್ತರದ ಚಿತ್ರಕ್ಕೆ ಹನ್ನೊಂದೇ ಅಗಲ ಇರಬೇಕು. ಕಡಿಮೆ ಅಂದ್ರೂ 1.7 ಸೆಂಟಿಮೀಟರಿನಷ್ಟು ಎಲ್ಲೋ ಹೋಗಿದೆ. ಅಜ್ಜಿ ಹೋಗಿರೋದು ಅಲ್ಲಿಗೆ. ಅವಳ ಆ ವಯಸ್ಸಿನ ಇನ್ನೊಂದು ಫೋಟೋ ನಮ್ಮಲ್ಲಿಲ್ಲ.

ತಮ್ಮನಿಗೆ ಉತ್ಸಾಹ ಬಂತು. "ಅಣ್ಣ, ಹಂಗಾದ್ರೆ ಅಜ್ಜಿನೂ ಹುಟ್ಟಿಸ್ಬಿಡು!"

ಮಾಡಬಾರದು ಅಂತ ಗೊತ್ತಿದ್ದೂ ಮಾಡಿದೆ. ನಿಜವಾದ ಆ ಪಟ್ಟಿಯನ್ನು ಸೇರಿಸಿ, ಅದರಾಚೆಗೆ ಹಿಗ್ಗಿಸು ಅಂದೆ, ಏನೂ ಬರೆಯದೆ. ಅಂಚಿನಲ್ಲಿ ಸೀರೆಯ ತುಂಡು ಕಂಡರೆ ಯಂತ್ರಕ್ಕೆ ಅಷ್ಟೇ ಸಾಕು. ಮನುಷ್ಯರ ತುಂಡು ಅಂಚಿನಲ್ಲಿದ್ದರೆ ಅದು ಪೂರ್ತಿ ಮನುಷ್ಯರನ್ನು ಕಟ್ಟಿಯೇ ಕಟ್ಟುತ್ತೆ. ಬ್ಯಾನರ್ ಕೆಲಸದಲ್ಲಿ ಇದು ನಮಗೆ ದೊಡ್ಡ ಕಾಟ, ಅದಕ್ಕೇ ಅಂಚಿಗೆ ಬಂದ ಕೈ ಕಾಲುಗಳನ್ನು ಮೊದಲೇ ಅಳಿಸಿಬಿಡ್ತೀವಿ. ಮೂರು ಮಾದರಿ ಬಂತು. ಮೂರರಲ್ಲೂ ಒಬ್ಬೊಬ್ಬ ಹೆಂಗಸು. ನೆರಿಗೆ, ಅಂಚು, ಕಾಲು, ಎಲ್ಲಾ ನಮ್ಮ ಪಟ್ಟಿಗೆ ಚೆನ್ನಾಗಿ ಹೊಂದಿಕೊಂಡಿತ್ತು, ಹೊಲಿಗೆ ಹುಡುಕಿದರೂ ಸಿಗದು. ಮೊಣಕಾಲಿನಿಂದ ಮೇಲೆ ಮಾತ್ರ ಯಾರ್ಯಾರೋ. ಮುಡಿ ತುಂಬಾ ಹೂವು, ಹಲ್ಲು ಕಾಣುವ ನಗು.

ಅಜ್ಜಿ ಒಂದೊಂದನ್ನೂ ನೋಡಿ ಬಿದ್ದು ಬಿದ್ದು ನಕ್ಕಳು. "ಯಾವಳ್ಲಾ ಇವಳು, ನಿಮ್ಮ ತಾತನ ಪಕ್ಕ ಹಿಂಗ್ ನಿಂತವಳೆ? ಗಂಡನ ಪಕ್ಕ ನಿಂತು ಹಲ್ ಬಿಟ್ಟಿದ್ರೆ ನಮ್ಮತ್ತೆ ಬಿಡ್ತಿದ್ಳಾ?" ನಕ್ಕು ಮುಗಿದ ಮೇಲೆ, "ತೆಗ್ದಾಕು ಅದನ್ನ" ಅಂದಳು. ಆ ಮೂರನ್ನೂ ಅವಳ ಮುಂದೆಯೇ ಅಳಿಸಿದೆ.

ಫ್ಲೆಕ್ಸ್ ಕೊನೆಗೆ ಹೀಗಾಯ್ತು. ಹೊಸ ಸ್ಕ್ಯಾನಿನ 2000 ಪಿಕ್ಸೆಲ್, ಅದರ ಎಡಕ್ಕೆ ರಟ್ಟಿನಡಿ ಸಿಕ್ಕ 190. ಅಲ್ಲಿಗೆ ಚಿತ್ರ ನಿಲ್ಲುತ್ತೆ, ಸೀರೆ ಅಂಚಿನ ಮೇಲೆ, ಅರ್ಧಕ್ಕೆ. ಉಳಿದ ಸಾವಿರದ ಏಳುನೂರು ಚಿಲ್ಲರೆ ಪಿಕ್ಸೆಲ್ ಬರೀ ಹಳೇ ಕಾಗದದ ಬಣ್ಣ. ಅದರ ಮೇಲೆ ಹೆಸರು, ಹಳೇ ಊರಿನ ಹೆಸರು. "ಖಾಲಿ ಖಾಲಿ ಕಾಣುತ್ತಣ್ಣ" ಅಂತ ತಮ್ಮ ಗೊಣಗಿದ. ಕಾಣಲಿ ಬಿಡು ಅಂದೆ. ಫೋಟೋವನ್ನು ಫ್ರೇಮಿಗೆ ಮತ್ತೆ ಹಾಕುವಾಗ ರಟ್ಟಿನ ಕಿಂಡಿಯನ್ನು ಎಡಕ್ಕೆ ಎಂಟು ಮಿಲಿಮೀಟರ್ ಅಗಲ ಮಾಡಿಸಿದೆ.

ಗ್ರೂಪಿಗೆ ಹಾಕಿದ ಮೊದಲನೇ ಚಿತ್ರದ ಕಥೆ ಮಾತ್ರ ಮುಗಿದಿಲ್ಲ. ಕೆಲವು ತಂತ್ರಾಂಶಗಳು ಇಂಥ ಚಿತ್ರದ ಫೈಲಿನೊಳಗೆ "ಇದನ್ನು ಎಐ ಬಳಸಿ ಮಾಡಿದ್ದು" ಅಂತ ಗುರುತು ಬರೆದಿಡುತ್ತವೆ. ಆದರೆ ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಿದರೆ ಅಂಥ ಮಾಹಿತಿ ಉಳಿಯಲ್ಲ, ಪ್ರಿಂಟ್ ಹಾಕಿಸಿದರಂತೂ ಮುಗೀತು. ಗ್ರೂಪಲ್ಲಿ ಎಲ್ಲರಿಗೂ ಅಳಿಸಿ ಅಂತ ಬರೆದೆ. ಯಾಕೆ ಅಂತಲೂ ಬರೆದೆ, ಕಿಟಕಿ, ಕುಂಡ, ಹಗೇವು, ಎಲ್ಲ. ಒಂದಿಬ್ಬರು ಹೆಬ್ಬೆರಳು ಎತ್ತಿದರು. ನನ್ನ ಕಡತದಲ್ಲಿ ಅದರ ಹೆಸರನ್ನು `tata_1974_SULLU_edagade.jpg` ಅಂತ ಬದಲಾಯಿಸಿಟ್ಟಿದ್ದೀನಿ, ನನ್ನ ಮಕ್ಕಳ ಕಾಲಕ್ಕಾದರೂ ಇರಲಿ ಅಂತ.

ಗೃಹಪ್ರವೇಶದ ದಿನ ದೊಡ್ಡಪ್ಪನ ಮೊಬೈಲ್ ಚಾರ್ಜಿಗೆ ಹಾಕಿಕೊಡುವಾಗ ನೋಡಿದೆ, ವಾಲ್‌ಪೇಪರ್ ಅದೇ. ಎರಡು ಕುಂಡ, ಸರಳಿನ ಕಿಟಕಿ.

"ದೊಡ್ಡಪ್ಪ, ಅಜ್ಜಿ ಹೇಳ್ಲಿಲ್ವಾ, ಆ ಕಿಟಕಿ ಇರ್ಲಿಲ್ಲ ಅಂತ."

"ಅವ್ವಂಗೆ ವಯಸ್ಸಾತು ಕಣೋ, ಮರ್ತೋಗೈತೆ" ಅಂದರು ದೊಡ್ಡಪ್ಪ, ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತಗೊಂಡು. "ನಾನು ಚಿಕ್ಕೋನಿದ್ದಾಗ ಈ ಕಿಟ್ಕಿ ಸರಳು ಹಿಡ್ಕಂಡೇ ಮಳೆ ನೋಡ್ತಿದ್ದೆ."